ಸರ್ಟಿಫಿಕೇಟು ಭಾವನವರದು, ಕೈಗುಣ ನಮ್ಮವರದು

ನಮ್ಮ ಭಾವ ಕೋದಂಡರಾಮಪ್ಪನವರಿಗೆ ಹಿಪ್ಪುನೇರಳೆ ಬಿಟ್ಟರೆ ಇನ್ನೊಂದು ಗಿಡದ ಗುರುತು ಇರಲಿಲ್ಲ. ನೆಲನೆಲ್ಲಿ ಯಾವುದು, ನೆಲಬೇವು ಯಾವುದು ಎಂದು ಕೇಳಿದರೆ, ಎರಡನ್ನೂ ಮೇಕೆ ತಿನ್ನುತ್ತದಲ್ಲ ಎನ್ನುತ್ತಿದ್ದರು. ರಕ್ತ ಕಂಡರೆ ತಲೆ ಸುತ್ತಿ ಕೂತುಬಿಡುತ್ತಿದ್ದರು. ಆದರೆ ಸರ್ಕಾರದ ರಿಜಿಸ್ಟರಿನಲ್ಲಿ ನಮ್ಮ ಮನೆಯ ವೈದ್ಯರು ಎಂದರೆ ಅವರೇ. ನಂಬರು, ಮೊಹರು, ಎಲ್ಲ ಅವರ ಹೆಸರಿನಲ್ಲಿತ್ತು. ಕಾಮಾಲೆಗೆ ಔಷಧಿ ಕೊಡುತ್ತಿದ್ದವರು, ತಪ್ಪಿದ ಕೀಲು ಕೂರಿಸುತ್ತಿದ್ದವರು ನಮ್ಮವರು, ಭಾವನ ತಮ್ಮ ಆವಲಪ್ಪನವರು. ಅವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ.

ಇದು ಹೇಗಾಯಿತೆಂದರೆ, ನಾನು ಮದುವೆಯಾಗಿ ಬಂದ ಹೊಸತರಲ್ಲಿ, ನಾಟಿ ವೈದ್ಯ ಮಾಡುವವರೆಲ್ಲ ಹೆಸರು ಬರೆಸಬೇಕು ಎಂದು ಸರ್ಕಾರದಿಂದ ಬಂದಿತ್ತು. ಕಾಲೇಜು ಓದದಿದ್ದರೂ ಸರಿ, ಇಷ್ಟು ವರ್ಷದಿಂದ ವೈದ್ಯ ಮಾಡುತ್ತಿದ್ದಾರೆ ಎಂದು ದೊಡ್ಡವರು ಬರೆದುಕೊಟ್ಟರೆ ಸಾಕು, ಬೆಂಗಳೂರಿನ ಬೋರ್ಡಿನವರು ರಿಜಿಸ್ಟರಿಗೆ ಹಾಕಿಕೊಳ್ಳುತ್ತಿದ್ದರು. ಆಂಧ್ರದ ಗಡಿಯ ನಂಗಲಿಯಿಂದ ಎರಡು ಮೈಲಿ ಒಳಗಿನ ನಮ್ಮೂರಿಗೂ ಆ ಫಾರಂ ಬಂತು. ಮಾವನವರಿಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ, ವೈದ್ಯ ಬಿಟ್ಟಿದ್ದರು. ಶಾನುಭೋಗರು ಪೆನ್ನು ತೆಗೆದು, "ಯಾರ ಹೆಸರು ಬರೀಲಪ್ಪ?" ಎಂದು ಕೇಳಿದರು.

ಮಾವ ಅದೇನು ಕೇಳುವ ಮಾತು ಎನ್ನುವಂತೆ ಹೇಳಿದರು, "ದೊಡ್ಡೋನಿದು ಬರೀರಿ."

ಹೊಲದ ಖಾತೆ ದೊಡ್ಡವನದು, ರೇಷನ್ ಕಾರ್ಡು ದೊಡ್ಡವನದು, ಸೊಸೈಟಿಯ ಷೇರು ದೊಡ್ಡವನದು. ನಮ್ಮ ಕಡೆ ಒಟ್ಟು ಮನೆಯಲ್ಲಿ ಕಾಗದ ಎಂದರೆ ದೊಡ್ಡ ಮಗನ ಹೆಸರು, ಅನುಭೋಗ ಎಲ್ಲರದು. ಇದೂ ಒಂದು ಖಾತೆ ಎಂದುಕೊಂಡರು ಅವರು. ಶಾನುಭೋಗರು ಹತ್ತು ವರ್ಷದಿಂದ ವೈದ್ಯವೃತ್ತಿ ಎಂದು ಬರೆದರು. ಹತ್ತು ವರ್ಷದಿಂದ ಭಾವ ಮಾಡಿದ್ದು ಅಪ್ಪನ ಔಷಧಿ ಅರೆಯುವ ಕಲ್ಲುಗುಂಡು ಹೊತ್ತು ಈ ಜಗಲಿಯಿಂದ ಆ ಜಗಲಿಗೆ ಇಟ್ಟಿದ್ದು. ಆದರೂ ಸರ್ಟಿಫಿಕೇಟು ಬಂತು. ಅದಕ್ಕೆ ಗಾಜು ಹಾಕಿಸಿ ದೇವರ ಪಟಗಳ ಸಾಲಿಗೆ ನೇತುಹಾಕಿದರು. ಶುಕ್ರವಾರ ಅದಕ್ಕೂ ಕುಂಕುಮ ಇಡುತ್ತಿದ್ದೆವು.

ಆಮೇಲೆ ಎಷ್ಟೋ ವರ್ಷ ಯಾರೂ ಏನೂ ಕೇಳಲಿಲ್ಲ. ಭಾವ ರೇಷ್ಮೆಹುಳ ಸಾಕಿಕೊಂಡಿದ್ದರು, ನಮ್ಮವರು ವೈದ್ಯ ಮಾಡಿಕೊಂಡಿದ್ದರು. ಎಪ್ಪತ್ತೆಂಟರಲ್ಲಿ ಮುಳಬಾಗಿಲಿನ ಹಕೀಮ್ ರಹಮತ್ತುಲ್ಲಾ ಸಾಹೇಬರು ಬಂದರು. ಅವರದು ಯುನಾನಿ ವೈದ್ಯ, ಅದೇ ಬೋರ್ಡಿನಲ್ಲಿ ಅವರ ಹೆಸರೂ ಇತ್ತು. ಅಮೃತಬಳ್ಳಿ ಬೇಕಾದಾಗೆಲ್ಲ ನಮ್ಮವರ ಹತ್ತಿರ ಬರುತ್ತಿದ್ದರು. ಅವತ್ತು ಟೀ ಲೋಟ ಕೈಯಲ್ಲೇ ಇಟ್ಟುಕೊಂಡು ಗೋಡೆ ನೋಡಿದರು.

"ಆವಲಪ್ಪ, ಇದರಲ್ಲಿ ನಿನ್ನ ಹೆಸರು ಎಲ್ಲೈತೆ?"

"ಅಣ್ಣಂದು ಐತಲ್ಲ ಸಾಹೇಬ್ರೆ. ಒಂದೇ ಮನೆ."

"ಅರೇ ಭಾಯಿ, ಇದು ಮನೆಗೆ ಕೊಡೋದಲ್ಲ, ಆಳಿಗೆ ಕೊಡೋದು. ದಿಲ್ಲಿ ಕಾನೂನು ಬಂದೈತೆ, ಎರಡು ವರ್ಷ ಆಯ್ತು ಜಾರಿ ಆಗಿ. ರಿಜಿಸ್ಟರಲ್ಲಿ ಹೆಸರು ಇಲ್ದೋನು ವೈದ್ಯ ಮಾಡಿದ್ರೆ ಒಂದು ವರ್ಷದವರೆಗೆ ಜೈಲು, ಇಲ್ಲಾ ಸಾವಿರ ರೂಪಾಯಿವರೆಗೆ ಜುಲ್ಮಾನೆ. ಎರಡೂ ಹಾಕಬಹುದು."

ನಮ್ಮವರು ಅರೆಯುವುದನ್ನು ನಿಲ್ಲಿಸಿದರು. "ಈಗ ಬರೆಸ್ತೀನಿ ಹಂಗಾದ್ರೆ. ಹದಿನೈದು ವರ್ಷದಿಂದ ಮಾಡ್ತಾ ಇವ್ನಿ."

"ಅನುಭವದ ಮೇಲೆ ಹಾಕ್ಕೊಳ್ಳೋ ಬಾಗಿಲು ಮುಚ್ಚೈತೆ. ಈಗ ಕಾಲೇಜಿಗೆ ಹೋಗಿ ಪಾಸಾಗ್ಬೇಕು."

"ಐದು ವರ್ಷ ಮಾಡಿದೋರಿಗೆ ಏನೋ ಬಿಡುಗಡೆ ಐತೆ ಅಂತ ಬಸ್ಸಲ್ಲಿ ಯಾರೋ ಅಂತಿದ್ರು."

"ಐತೆ. ರಿಜಿಸ್ಟರೇ ಇಲ್ದ ರಾಜ್ಯದೋರಿಗೆ. ನಮ್ಮಲ್ಲಿ ರಿಜಿಸ್ಟರು ಆಗ್ಲೇ ಇತ್ತು, ನಿಮ್ಮ ಮನೆಗೆ ಫಾರಮ್ಮೂ ಬಂದಿತ್ತು, ನಿಮ್ಮಪ್ಪ ಹುಳ ಸಾಕೋನ ಹೆಸರು ಬರೆಸಿದ್ರು."

ಹುಳ ಸಾಕುವವರು ಅಲ್ಲೇ ಹಿತ್ತಲ ಬಾಗಿಲಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದರು. "ನಾನೇನು ಕೇಳಿದ್ನಾ?" ಎಂದರು ಭಾವ.

ನನಗೆ ಆವತ್ತು ಅಡುಗೆ ಮಾಡಲು ಕೈ ಬರಲಿಲ್ಲ. ನಮ್ಮವರು ಜೈಲಿಗೆ ಹೋದರೆ ಎಂಬುದು ಒಂದು, ವೈದ್ಯ ಬಿಟ್ಟರೆ ಈ ಮನುಷ್ಯ ಏನಾಗುತ್ತಾರೆ ಎಂಬುದು ಇನ್ನೊಂದು. ಅವರಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ನೇಗಿಲು ಹಿಡಿದರೆ ಎತ್ತಿನ ಕಾಲು ನೋಡುತ್ತ ನಿಲ್ಲುತ್ತಿದ್ದರು.

ಕೊನೆಗೆ ಅಣ್ಣ ತಮ್ಮ ಸೇರಿ ಒಂದು ಉಪಾಯ ಮಾಡಿದರು. ರೋಗಿ ಬಂದಾಗ ಕುರ್ಚಿಯಲ್ಲಿ ಭಾವ ಕೂರುವುದು. ನಮ್ಮವರು ಅವರ ಹಿಂದೆ ಕಲ್ಲುಗುಂಡಿನ ಮುಂದೆ ಕೂತು ಔಷಧಿ ಅರೆಯುವ ಆಳಿನ ಹಾಗೆ ಇರುವುದು. ಭಾವ ನಾಡಿ ಹಿಡಿಯುವುದು, ನಮ್ಮವರು ರೋಗಿಯ ಮುಖ ನೋಡುವುದು. ಗುಂಡು ಒಂದು ಸಾರಿ ಕುಟ್ಟಿದರೆ ಬಿಳಿ ಡಬ್ಬ, ಎರಡು ಸಾರಿ ಕುಟ್ಟಿದರೆ ಕೆಂಪು ಡಬ್ಬ, ಕುಟ್ಟದೆ ಸುಮ್ಮನಿದ್ದರೆ ದೊಡ್ಡಾಸ್ಪತ್ರೆಗೆ ಹೋಗಿ ಎನ್ನಬೇಕು. ಹಕೀಮ್ ಸಾಹೇಬರು ಇದನ್ನು ನೋಡಿ ಹಣೆ ಚಚ್ಚಿಕೊಂಡರು. ಹಿಂದೆ ಕೂತವನು ಹೇಳಿ ಮುಂದೆ ಕೂತವನು ಮಾಡಿದರೂ ವೈದ್ಯ ಮಾಡಿದವನು ಹಿಂದೆ ಕೂತವನೇ ಅಲ್ಲವೇ ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಊರವರಿಗೆ ಮೊದಮೊದಲು ಸಿಟ್ಟು ಬಂತು. ಗಂಗರತ್ನಮ್ಮ ಎಂಬ ಪಕ್ಕದ ಮನೆಯ ಮುದುಕಿ ಭಾವನ ಕೈಗೆ ಕೈ ಕೊಡುತ್ತಲೇ ಇರಲಿಲ್ಲ. "ಏ ಕೋದಂಡ, ನಿನ್ನ ಕೈ ಹುಳದ ವಾಸ್ನೆ ಕಣೋ. ಆವಲಪ್ಪನ್ನ ಕರಿ."

"ಅವನು ಕಾಂಪೌಂಡರು ಕಣತ್ತೆ."

"ಅವನು ಕಾಂಪೌಂಡರಾದ್ರೆ ನಾನು ಕಲೆಕ್ಟರು."

ಬರಬರುತ್ತ ಒಗ್ಗಿಹೋಯಿತು. ರೇಷ್ಮೆಗೂಡು ಮಾರಲು ಭಾವ ಕೋಲಾರಕ್ಕೆ ಹೋದ ದಿನ ನಮ್ಮಲ್ಲಿ ವೈದ್ಯ ಇಲ್ಲ. ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಂಕಿಗೆ ಬಿಡುವ ವಾರ, ಭಾವ ನಿದ್ದೆಗೆಟ್ಟಿರುತ್ತಿದ್ದರಿಂದ, ಬೆಳಿಗ್ಗೆ ಎರಡು ಗಂಟೆ ಮಾತ್ರ ವೈದ್ಯ. ಜನ ಗೂಡಿನ ಲೆಕ್ಕ ನೋಡಿಕೊಂಡು ಕೈಕಾಲು ನೋವು ತೋರಿಸಲು ಬರುತ್ತಿದ್ದರು. ಭಾವನ ಜೀವಕ್ಕಂತೂ ಎಲ್ಲಿಲ್ಲದ ಬೆಲೆ ಬಂತು. ಅವರು ಒಂದು ಸಾರಿ ಕೆಮ್ಮಿದರೆ ನಮ್ಮವರು ಕಷಾಯ ಇಡುತ್ತಿದ್ದರು, ಓರಗಿತ್ತಿ ಬೈರಮ್ಮಕ್ಕ ಬೆಚ್ಚಗೆ ಹೊದಿಸುತ್ತಿದ್ದಳು. ಸತ್ತವರ ಹೆಸರು ರಿಜಿಸ್ಟರಿನಿಂದ ತೆಗೆಯುತ್ತಾರೆ, ಅದು ಮಕ್ಕಳಿಗೂ ಬರುವುದಿಲ್ಲ, ತಮ್ಮನಿಗೂ ಬರುವುದಿಲ್ಲ ಎಂದು ಹಕೀಮರು ಹೇಳಿದ್ದರು. "ನನಗೋಸ್ಕರ ಕಷಾಯ ಕೊಡ್ತೀಯೋ, ಆ ಗಾಜಿನ ಪಟಕ್ಕೆ ಕೊಡ್ತೀಯೋ?" ಎಂದು ಭಾವ ಕೇಳುತ್ತಿದ್ದರು. ನಮ್ಮವರು, "ಕುಡಿ ಸುಮ್ನೆ" ಎನ್ನುತ್ತಿದ್ದರು.

ಎಂಬತ್ತೊಂದರಲ್ಲಿ ಶ್ರೀನಿವಾಸಪ್ಪ ಮೇಷ್ಟರಿಗೆ ಕಾಮಾಲೆ ಬಂತು. ನಮ್ಮವರ ಔಷಧಿ, ಪಥ್ಯ, ಒಂದು ತಿಂಗಳಿಗೆ ಗುಣವಾಯಿತು. ಸ್ಕೂಲಿಗೆ ರಜೆ ಹಾಕಿದ್ದಕ್ಕೆ ವೈದ್ಯರ ಸರ್ಟಿಫಿಕೇಟು ಬೇಕು ಎಂದರು. ಅದನ್ನೂ ರಿಜಿಸ್ಟರಾದವರೇ ಬರೆಯಬೇಕು. ಮೇಷ್ಟರೇ ಚೆಂದವಾಗಿ ಬರೆದುಕೊಂಡು ಬಂದರು, ಭಾವ ತೆಲುಗಿನಲ್ಲಿ ರುಜು ಹಾಕಿ ಕೆಳಗೆ ನಂಬರು ಬರೆದರು. ಆ ತೆಲುಗು ರುಜು, ಆ ಒಂದು ತಿಂಗಳು, ಮೇಷ್ಟರ ಮೇಲಿನವರಿಗೆ ಅನುಮಾನ ತಂದಿತು. ವಿಚಾರಿಸಿ ಎಂದು ಆರೋಗ್ಯ ಇಲಾಖೆಗೆ ಕಳಿಸಿದರು.

ಅಲ್ಲಿಂದ ಒಬ್ಬ ಆಫೀಸರು ಜೀಪಿನಲ್ಲಿ ಬಂದರು, ಜೊತೆಗೆ ಒಬ್ಬ ಪೊಲೀಸಿನವನು. ಆಫೀಸರು ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ. ನೀರು ಕೊಟ್ಟರೆ, "ತಂಗಿ, ಛಲೋ ನೀರು ಐತಿ" ಎಂದರು. ಗೋಡೆಯ ಮೇಲಿನ ಸರ್ಟಿಫಿಕೇಟು ಓದಿದರು, ತಮ್ಮ ಪುಸ್ತಕದ ನಂಬರಿಗೆ ತಾಳೆ ನೋಡಿದರು.

"ನೀವ ಏನ್ರಿ ಕೋದಂಡರಾಮಪ್ಪ?"

"ಹೂಂ ಸ್ವಾಮಿ."

"ಇವರು?"

"ನನ್ನ ತಮ್ಮ. ಔಷಧಿ ಅರೀತಾನೆ."

"ನಮಗ ಬಂದ ಸುದ್ದಿ ಬ್ಯಾರೆ ಐತ್ರಿ. ವೈದ್ಯಕಿ ಮಾಡಾವ ತಮ್ಮ, ಅಣ್ಣ ಬರೇ ಸಹಿ ಮಾಡತಾನ ಅಂತ. ಹಂಗಿದ್ರ ಇವರ ಮ್ಯಾಲೆ ಕೇಸ್ ಮಾಡಬೇಕಾಗತೈತಿ."

ನಾನು ನೀರಿನ ಚೊಂಬು ಎತ್ತಿಕೊಂಡೆ. ಅದೇ ಹೊತ್ತಿಗೆ ಹೊರಗೆ ಗಲಾಟೆಯಾಯಿತು. ನಂಗಲಿ ಚೆಕ್‌ಪೋಸ್ಟಿನಲ್ಲಿ ನಿಂತಿದ್ದ ಲಾರಿಯ ಡ್ರೈವರು ತಾಜ್ ಪಾಷಾ, ಹಗ್ಗ ಬಿಗಿಯುವಾಗ ಲೋಡಿನ ಮೇಲಿಂದ ಬಿದ್ದು ಭುಜ ಜಾರಿಸಿಕೊಂಡು ಬಂದಿದ್ದ. ಬಲಗೈಯನ್ನು ಎಡಗೈಯಲ್ಲಿ ಮಗುವಿನ ಹಾಗೆ ಹಿಡಿದುಕೊಂಡಿದ್ದ. ನೇರ ನಮ್ಮವರ ಮುಂದೆ ಹೋಗಿ ಕೂತ.

ನಮ್ಮವರ ಎರಡೂ ಕೈ ತಾವಾಗಿಯೇ ಮುಂದೆ ಹೋದವು. ಅರ್ಧಕ್ಕೆ ಬಂದು ನಿಂತವು. ಆಮೇಲೆ ಕಲ್ಲುಗುಂಡಿನ ಮೇಲೆ ಇಳಿದವು.

"ನನ್ನ ಹತ್ರ ಅಲ್ಲಪ್ಪ. ವೈದ್ಯರು ಅವ್ರು" ಎಂದರು.

"ಮಜಾಕ್ ಮಾಡ್ಬೇಡ ಅಣ್ಣಾ, ಪ್ರಾಣ ಹೋಗ್ತೈತೆ" ಎಂದ ತಾಜ್ ಪಾಷಾ.

ಆಫೀಸರು ಕುರ್ಚಿ ಎಳೆದುಕೊಂಡು ಕೂತರು. "ಮಾಡ್ರಿ ವೈದ್ಯರ, ನಾವೂ ನೋಡೂಣು."

ಭಾವನ ಮುಖ ಸುಣ್ಣ ಬಳಿದ ಹಾಗಾಯಿತು. ಎದ್ದು ನಿಂತರು, ಪಂಚೆ ಮೇಲೆ ಕಟ್ಟಿದರು, ಮತ್ತೆ ಬಿಚ್ಚಿದರು. ಆಗ ನಮ್ಮವರು ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿ ತೆಲುಗಿನಲ್ಲಿ ಬೈಯಲು ಶುರುಮಾಡಿದರು. ಮನೆಯಲ್ಲಿ ನಾವು ಆಡುವುದು ತೆಲುಗೇ. ಧಾರವಾಡದವರಿಗೆ ಅದು ತಿಳಿಯದು.

"ಭಾರತೀ, ಕರು ಎಳೆಯೋದು ಹಂಗಾ? ಮೊದಲು ಅದನ್ನ ಅಂಗಾತ ಮಲಗಿಸು" ಎಂದರು. ನನ್ನ ಮುಂದೆ ಕರು ಇರಲಿಲ್ಲ, ಚೊಂಬಿತ್ತು. "ನೀನು ಪಕ್ಕದಲ್ಲಿ ಕೂತ್ಕೋ. ಮಣಿಕಟ್ಟು ಎರಡು ಕೈಯಲ್ಲಿ ಹಿಡಿ. ನಿನ್ನ ಹಿಮ್ಮಡಿ ಅದರ ಕಂಕುಳಿಗೆ ಒತ್ತಿಕೊಡು. ಜಗ್ಗಬೇಡ. ಜಗ್ಗಿದ್ರೆ ಸಾಯಿಸ್ತೀನಿ. ಮೆಲ್ಲಗಾ, ಮೆಲ್ಲಗಾ ಎಳೀತಾ ಹೋಗು. ಅದು ಉಸಿರು ಬಿಡೋವಾಗ ಎಳೀ."

ಭಾವ ತಾಜ್ ಪಾಷಾನನ್ನು ಅಂಗಾತ ಮಲಗಿಸಿದರು, ಕೂತರು, ಹಿಮ್ಮಡಿ ಕೊಟ್ಟರು, ಎಳೆಯತೊಡಗಿದರು. ನಾನೂ ಸುಮ್ಮನಿರಬಾರದೆಂದು ಚೊಂಬಿನ ಕಂಠ ಹಿಡಿದು ಎಳೆಯುತ್ತ, "ಎಳೀತಾ ಇದೀನಿ, ಎಳೀತಾ ಇದೀನಿ" ಎಂದೆ. ಪೊಲೀಸಿನವನು ನಮ್ಮ ಕಡೆಯವನೇ, ತೆಲುಗು ಬಲ್ಲವನು. ಟೋಪಿಯನ್ನು ಮುಖಕ್ಕೆ ಇಳಿಸಿಕೊಂಡು ಗೋಡೆ ಕಡೆ ತಿರುಗಿ ಭುಜ ಕುಣಿಸುತ್ತಿದ್ದ. ಭಾವನ ಹಣೆಯ ಬೆವರು ಗಲ್ಲದಿಂದ ತೊಟ್ಟಿಕ್ಕಿತು. ಕಟಕ್ ಎಂದಿತು. ತಾಜ್ ಪಾಷಾ ಕಣ್ಣು ಬಿಟ್ಟು ಕೈ ಮಡಿಸಿ ನೋಡಿದ, ಎದ್ದು ಭಾವನ ಕಾಲು ಮುಟ್ಟಿದ. ಭಾವ ಅಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಆಫೀಸರು ಅದನ್ನು ಧ್ಯಾನ ಎಂದುಕೊಂಡರು.

ಹೋಗುವಾಗ ಆಫೀಸರು ಬರೆದುಕೊಂಡಿದ್ದನ್ನು ಓದಿ ಹೇಳಿದರು. ನೋಂದಾಯಿತ ವೈದ್ಯರು ತಾವೇ ಚಿಕಿತ್ಸೆ ಮಾಡುತ್ತಿರುವುದು ಕಂಡುಬಂದಿದೆ. ಮೇಷ್ಟರ ಸರ್ಟಿಫಿಕೇಟಿಗೆ ತಕರಾರಿಲ್ಲ, ಆದರೆ ಇನ್ನು ಮೇಲೆ ಬಂದವರ ಹೆಸರು, ರೋಗ, ಔಷಧಿ ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆಮೇಲೆ ನಮ್ಮವರ ಕಡೆ ನೋಡಿ, "ನೀವು ಅರೀರಿ. ಅರಿಯೂದಕ್ಕ ನಂದೇನೂ ಇಲ್ಲ. ಕೈ ಮುಟ್ಟಿ ನೋಡಿದ್ರಿ, ಔಷಧ ಹೇಳಿದ್ರಿ ಅಂತ ಗೊತ್ತಾದ್ರ ಮಾತ್ರ ನಾನೂ ಬಿಡಂಗಿಲ್ಲ" ಎಂದರು.

ಜೀಪು ಹೋಯಿತು. ನಾವು ಬದುಕಿದೆವು ಎಂದುಕೊಂಡೆವು. ನಿಜವಾದ ಫಜೀತಿ ಆಮೇಲೆ ಶುರುವಾಯಿತು.

ತಾಜ್ ಪಾಷಾ ಚಿತ್ತೂರಿನವರೆಗೆ ಎಲ್ಲಾ ಟೀ ಅಂಗಡಿಯಲ್ಲೂ ಭಾವನ ಹೆಸರು ಹೇಳಿದ. ಲಾರಿಯವರು ಬಂದು ದೊಡ್ಡ ವೈದ್ಯರು ಯಾರು ಎಂದು ಕೇಳತೊಡಗಿದರು. ಭಾವ ಬಿಳಿ ಜುಬ್ಬ ಹೊಲಿಸಿದರು. ಒಂದು ಸಾರಿ ಕುಟ್ಟಿದರೂ ಕೆಂಪು ಡಬ್ಬ ತೆಗೆಯುವುದು, ಕುಟ್ಟುವ ಮೊದಲೇ ಡಬ್ಬ ತೆಗೆಯುವುದು ಶುರುವಾಯಿತು.

"ಅಣ್ಣ, ನಾನು ಒಂದು ಸಾರಿ ಕುಟ್ಟಿದ್ದು" ಎಂದು ನಮ್ಮವರು ರೋಗಿ ಹೋದ ಮೇಲೆ ಹೇಳುತ್ತಿದ್ದರು.

"ನನಗೂ ಅನುಭವ ಆಗೈತೆ ಕಣೋ. ಸರ್ಕಾರನೇ ಒಪ್ಕೊಂಡೈತೆ. ನೀನು ಅರಿ."

ಭಾವ ಕೆಟ್ಟವರಲ್ಲ. ರೇಷ್ಮೆಹುಳದ ಕಾಯಿಲೆಯಲ್ಲಿ ಅವರಷ್ಟು ತಿಳಿದವರು ನಂಗಲಿಯಿಂದ ಶ್ರೀನಿವಾಸಪುರದವರೆಗೆ ಇರಲಿಲ್ಲ. ಹುಳದ ಬಣ್ಣ ನೋಡಿ, ಬೆಳ್ಳಗೆ ಗಟ್ಟಿಯಾಗುವ ಸುಣ್ಣಕಟ್ಟು ರೋಗವೋ ಮೆತ್ತಗಾಗುವ ಸಪ್ಪೆ ರೋಗವೋ ಹೇಳಿಬಿಡುತ್ತಿದ್ದರು. ಅದೇ ವಿದ್ಯೆಯನ್ನು ಮನುಷ್ಯರಿಗೂ ತಂದರು.

ಎಂಬತ್ಮೂರರ ಬೇಸಿಗೆಯಲ್ಲಿ ನಮ್ಮವರು ಅಮೃತಬಳ್ಳಿ ಕೊಯ್ಯಲು ಬೆಟ್ಟದ ಕಡೆ ಹೋಗಿದ್ದರು. ಗಂಗರತ್ನಮ್ಮನಿಗೆ ಬೆಳಗಿನಿಂದ ವಾಂತಿ ಭೇದಿ. ಅವಳ ಸೊಸೆ ಬಂದು ಭಾವನನ್ನು ಕರೆದಳು. ಭಾವ ಹೋಗಿ ನೋಡಿದರು, ಮುದುಕಿ ಮೆತ್ತಗಾಗಿ ಬಿದ್ದಿದ್ದಳು. ಮೆತ್ತಗಾಗಿ, ವಾಂತಿ ಮಾಡಿ, ಭೇದಿಯಾದರೆ ಹುಳಕ್ಕೆ ಸಪ್ಪೆ ರೋಗ. ಸಪ್ಪೆ ರೋಗಕ್ಕೆ ಒದ್ದೆ ಸೊಪ್ಪು ಕೊಡಬಾರದು, ಸುತ್ತ ಒಣಗಿದ ಸುಣ್ಣದ ಪುಡಿ ಹಾಕಬೇಕು, ಗಾಳಿಯಾಡಲು ಬಿಡಬೇಕು. ಭಾವ ಮುದುಕಿಯ ಮಂಚದ ಸುತ್ತ ಸುಣ್ಣ ಸುರಿಸಿ, ಕಿಟಕಿ ತೆಗೆಸಿ, ಒಂದು ತೊಟ್ಟು ನೀರು ಕೊಡಬಾರದು ಎಂದು ಹೇಳಿ ಬಂದು ಪುಸ್ತಕದಲ್ಲಿ ಬರೆದಿಟ್ಟರು.

ನಮ್ಮವರು ಬಂದಾಗ ಮಧ್ಯಾಹ್ನ ದಾಟಿತ್ತು. ನಾನು ಹೇಳುತ್ತಿದ್ದ ಹಾಗೇ ಹೊರೆ ಬಿಸಾಕಿ ಓಡಿದರು. ನಾನೂ ಹಿಂದೆ ಓಡಿದೆ. ಹೊರಗಿನಿಂದಲೇ ಮುದುಕಿಯ ಗುಳಿ ಬಿದ್ದ ಕಣ್ಣು ಕಂಡಿತು. ಬಾಗಿಲಲ್ಲಿ ಭಾವ ಅಡ್ಡ ನಿಂತರು.

"ಲೇ ಆವಲಪ್ಪ, ಮುಟ್ಟಬೇಡ. ನಿನ್ನ ಮೇಲೆ ಕೇಸಾಗ್ತೈತೆ."

"ಆಗ್ಲಿ. ಒಂದು ವರ್ಷ ತಾನೇ. ಈವಮ್ಮನಿಗೆ ಒಂದು ಗಂಟೆ ಇಲ್ಲ."

ನಮ್ಮವರು ಅಣ್ಣನ ಮೇಲೆ ಕೈ ಇಟ್ಟಿದ್ದು ಜೀವಮಾನದಲ್ಲಿ ಅದೊಂದೇ ಸಾರಿ. ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಮುದುಕಿಯ ಕೈಯ ಚರ್ಮ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಉಪ್ಪು ಹಾಕಿದ ತಿಳಿ ಗಂಜಿಯನ್ನು ನನ್ನ ಕೈಯಲ್ಲಿ ಮಾಡಿಸಿ ಚಮಚ ಚಮಚವಾಗಿ ಕುಡಿಸುತ್ತ, ನಂಗಲಿ ರಸ್ತೆಯವರೆಗೆ ಗಾಡಿಯಲ್ಲಿ, ಅಲ್ಲಿಂದ ಲಾರಿಯಲ್ಲಿ, ಮುಳಬಾಗಿಲಿನ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ನಾನೂ ಮುದುಕಿಯ ಸೊಸೆಯೂ ಜೊತೆಗೆ ಹೋದೆವು. ಅಲ್ಲಿ ಡ್ರಿಪ್ ಹಾಕಿದ ಮೇಲೆ ಸಂಜೆಗೆ ಮುದುಕಿ ಕಣ್ಣು ಬಿಟ್ಟಳು.

"ಮುಂಚೆ ಯಾರು ನೋಡಿದ್ರು?" ಎಂದು ಆಸ್ಪತ್ರೆಯ ಡಾಕ್ಟರು ಕೇಳಿದರು.

"ರಿಜಿಸ್ಟರ್ಡ್ ವೈದ್ಯರು" ಎಂದಳು ಸೊಸೆ.

"ದಾರಿಯಲ್ಲಿ ಗಂಜಿ ಕುಡಿಸಿದ್ದು?"

ನಮ್ಮವರು ನಾನು ಎನ್ನುವ ಮೊದಲು ಗಂಗರತ್ನಮ್ಮನೇ ಮಲಗಿದಲ್ಲಿಂದ, "ನನ್ನ ಸೊಸೆ ಕಣಪ್ಪ" ಎಂದಳು. ನನ್ನ ಕಡೆ ಬೆರಳು ತೋರಿಸಿದಳು. ನಾನು ಅವಳ ಸೊಸೆಯಾದೆ.

ಡಾಕ್ಟರು, "ಆ ವೈದ್ಯರಿಗಿಂತ ನಿಮ್ಮ ಸೊಸೆ ವಾಸಿ" ಎಂದು ಹೋದರು.

ಭಾವ ಆ ದಿನದಿಂದ ಕುರ್ಚಿಯಲ್ಲಿ ಕೂರಲಿಲ್ಲ. ಜುಬ್ಬ ಹಾಕಲಿಲ್ಲ. ಮೂರನೆಯ ದಿನ ಗೋಡೆಯಿಂದ ಸರ್ಟಿಫಿಕೇಟು ಇಳಿಸಿ, ಗಾಜು ತೆಗೆದು, ಕುಂಕುಮ ಒರೆಸಿ, ಚೀಲಕ್ಕೆ ಹಾಕಿಕೊಂಡರು.

ಬೈರಮ್ಮಕ್ಕ, "ಅದು ಹೋದ್ರೆ ನಿಮ್ಮ ತಮ್ಮನ ಗತಿ ಏನು?" ಎಂದು ಅತ್ತಳು.

"ಅದಿದ್ರೆ ಊರಿನ ಗತಿ ಏನು?" ಎಂದರು ಭಾವ.

ನಮ್ಮವರು ಎದ್ದು ಅಣ್ಣನ ಚಪ್ಪಲಿ ತಂದಿಟ್ಟರು.

ಅಣ್ಣತಮ್ಮಂದಿರು ಹಕೀಮ್ ಸಾಹೇಬರನ್ನು ಕರೆದುಕೊಂಡು ಬೆಂಗಳೂರಿಗೆ ಹೋದರು. ಬೋರ್ಡಿನ ಆಫೀಸಿನಲ್ಲಿ ಆದದ್ದನ್ನು ಹಕೀಮರು ಎಷ್ಟು ಸಾರಿ ಹೇಳಿದರೋ. ಭಾವ ಸರ್ಟಿಫಿಕೇಟು ಮೇಜಿನ ಮೇಲಿಟ್ಟು, ನನ್ನ ಹೆಸರು ತೆಗೆದುಬಿಡಿ ಎಂದರಂತೆ. ಗುಮಾಸ್ತರು ಕನ್ನಡಕ ಸರಿಸಿ ಕೇಳಿದರಂತೆ, "ಯಾರು ತೀರಿಕೊಂಡವರು?"

"ಯಾರೂ ಇಲ್ಲ ಸ್ವಾಮಿ. ನಾನೇ ಕೋದಂಡರಾಮಪ್ಪ."

"ಎಲ್ಲರೂ ಹೆಸರು ಹಾಕಿಸೋಕೆ ಬರ್ತಾರೆ. ನೀವು ಯಾಕೆ ತೆಗೆಸ್ತೀರಿ?"

"ನನಗೆ ವೈದ್ಯ ಬರಲ್ಲ."

ಹಕೀಮರು ಭಾವನ ಕಾಲು ತುಳಿದರಂತೆ. ಸುಳ್ಳು ಹೇಳಿ ಹೆಸರು ಹಾಕಿಸಿದ್ದು ಎಂದು ಬರೆದುಕೊಟ್ಟರೆ ಅದೇ ಬೇರೆ ವಿಚಾರಣೆಯಾಗುತ್ತದೆ. "ಇವರು ದಂಧೆ ಬಿಟ್ಟವ್ರೆ, ಅದಕ್ಕೆ" ಎಂದರು. ಗುಮಾಸ್ತರು, ಹಾಗಾದರೆ 'ವೃತ್ತಿ ನಿಲ್ಲಿಸಿದ್ದೇನೆ, ಹೆಸರು ತೆಗೆಯಬೇಕು' ಎಂದು ಅರ್ಜಿ ಬರೆದು ಸರ್ಟಿಫಿಕೇಟಿನ ಜೊತೆ ಕೊಡಿ, ಬೋರ್ಡಿನ ಮುಂದೆ ಇಡುತ್ತೇವೆ ಎಂದರು. ಅಷ್ಟೇ. ಭಾವ ಕೊನೆಯ ಸಾರಿ ತೆಲುಗಿನಲ್ಲಿ ರುಜು ಹಾಕಿದರು. ಎರಡು ತಿಂಗಳಿಗೆ ಹೆಸರು ತೆಗೆದಿದ್ದೇವೆ ಎಂದು ಕಾಗದ ಬಂತು.

ನಮ್ಮವರಿಗೆ ಜೈಲಿನ ಭಯ ಹೋಯಿತು, ವೈದ್ಯವೂ ಹೋಯಿತು. ಕಾಡಿನಿಂದ ಬೇರು ಬಳ್ಳಿ ತಂದು ಹಕೀಮರಿಗೆ ಕೊಡುತ್ತಿದ್ದರು, ಅದಕ್ಕೆ ಯಾವ ರಿಜಿಸ್ಟರೂ ಬೇಡ. ಉಳಿದ ಹೊತ್ತು ಭಾವನ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು. ಆ ಕೆಲಸ ಅವರಿಗೆ ಒಲಿಯಲೇ ಇಲ್ಲ. ಮೊದಲ ಬೆಳೆಯಲ್ಲಿ ಅರ್ಧ ತಟ್ಟೆ ಹುಳ ಕೊಂದರು. "ನಿನಗೆ ಕೈಗುಣ ಇಲ್ಲ ಕಣೋ" ಎಂದು ಭಾವ ತಟ್ಟೆ ಕಿತ್ತುಕೊಳ್ಳುತ್ತಿದ್ದರು.

ಮರುವರ್ಷ ಒಂದು ಬೆಳಿಗ್ಗೆ ನಾನು ಸೊಪ್ಪು ಹೆಚ್ಚುತ್ತಿದ್ದೆ. ಪಕ್ಕದೂರಿನ ವೆಂಕಟರಾಯಪ್ಪ ಎಂಬುವನು ಭುಜ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ನಮ್ಮವರು ತಲೆ ಎತ್ತಿ ನೋಡಿದರು. ಎಲ್ಲಿ ಜಾರಿದೆ, ಎಷ್ಟು ಜಾರಿದೆ ಎಂದು ಅವರಿಗೆ ಬಾಗಿಲಿನಿಂದಲೇ ಗೊತ್ತಾಯಿತು, ಅವರ ಬೆರಳು ನೋಡಿ ನನಗೆ ಗೊತ್ತಾಯಿತು.

"ಆ ಕಡೆ ನೋಡಬೇಡ ಕಣೋ" ಎಂದರು ಭಾವ. ಇಬ್ಬರೂ ತಟ್ಟೆಯ ಹುಳ ನೋಡುತ್ತ ಕೂತರು.

"ಹತ್ತೂವರೆಗೆ ಮುಳಬಾಗಿಲು ಬಸ್ಸೈತೆ, ದೊಡ್ಡಾಸ್ಪತ್ರೆಗೆ ಹೋಗು. ಅಲ್ಲೀವರೆಗೂ ಕೈ ಅಲ್ಲಾಡಿಸಬೇಡ" ಎಂದರು ನಮ್ಮವರು.

"ನಮ್ಮಪ್ಪಂಗೆ ನೀವೇ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಕೂರಿಸಿದ್ರಲ್ಲ?"

"ಆವಾಗ ನಮ್ಮಣ್ಣ ಡಾಕ್ಟ್ರಾಗಿದ್ರು ಕಣಪ್ಪ" ಎಂದರು ನಮ್ಮವರು. "ಈಗ ಬಿಟ್ಟವ್ರೆ."

ನಾನು ಕೈ ಒರೆಸಿಕೊಂಡು ಎದ್ದು, ನನ್ನ ಹಳೆಯ ಸೀರೆಯ ಸೆರಗು ಹರಿದು ಅವನ ಕೈಯನ್ನು ಕುತ್ತಿಗೆಗೆ ಕಟ್ಟಿ ಬಸ್ಸಿಗೆ ಕಳಿಸಿದೆ.